‘ಪುಟ್ ಆಫ್’ ಅಂದರೆ ಯಾವುದು? ವರದಿ ಬರೆಯುವವರ ಜೊತೆ ಒಂದು ತಕರಾರು

ಕ್ರೀಡಾಕೂಟ ಮುಗಿದ ಮುಂದಿನ ಸೋಮವಾರ ಕ್ರೀಡಾ ಸಮಿತಿಯ ಕಾರ್ಯದರ್ಶಿ, ದ್ವಿತೀಯ ಪಿಯು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ತಾನು ಇಂಗ್ಲಿಷ್‌ನಲ್ಲಿ ಬರೆದ ವರದಿ ಹಿಡಿದು ಸ್ಟಾಫ್ ರೂಮಿಗೆ ಬಂದಳು. ಎರಡು ಪುಟ, ಮುದ್ದಾದ ಅಕ್ಷರ. ಆದರೆ ಎರಡು ಪುಟಗಳಲ್ಲಿ ನಾಲ್ಕು ಕಡೆ ‘ಪುಟ್ ಆಫ್’, ಮೂರು ಕಡೆ ‘ಲುಕ್ ಇಂಟು’. ವರದಿಯಲ್ಲಿ ಇಂಥ ಆಡುಮಾತಿನ ಕ್ರಿಯಾಪದ ಬೇಡ, ಒಂದೇ ಪದದ ಕ್ರಿಯಾಪದ ಹಾಕು ಅಂದೆ. ಇಂಗ್ಲಿಷ್ ಮೇಷ್ಟ್ರುಗಳೆಲ್ಲ ಹೇಳುವ ಮಾತೇ ಇದು. ಅವಳು ತಲೆಯಾಡಿಸಿ ಹೋದಳು. ಮರುದಿನ ತಂದ ಪ್ರತಿಯಲ್ಲಿ ನಾಲ್ಕು ‘ಪುಟ್ ಆಫ್’ಗಳೂ ‘ಪೋಸ್ಟ್‌ಪೋನ್’ ಆಗಿದ್ದವು. ಮೂರು ‘ಲುಕ್ ಇಂಟು’ಗಳೂ ‘ಇನ್ವೆಸ್ಟಿಗೇಟ್ ಇಂಟು’ ಆಗಿದ್ದವು. ಅವಳ ಗೈಡ್ ಪುಸ್ತಕದ ಕೊನೆಯಲ್ಲಿ ಎರಡು ಸಾಲಿನ ಪಟ್ಟಿ ಇದೆಯಂತೆ. ಎಡಕ್ಕೆ ಫ್ರೇಸಲ್ ವರ್ಬ್, ಬಲಕ್ಕೆ ಒಂದು ಪದ. ಎಡದ್ದನ್ನು ತೆಗೆದು ಬಲದ್ದನ್ನು ಹಾಕಿದ್ದಳು.

ಈಗ ಆ ವರದಿಯ ಪ್ರಕಾರ, ಥ್ರೋಬಾಲ್ ಅಂಕಣ ಬೇಕು ಎಂದು ಕೇಳಿದ ಹುಡುಗಿಯರ ಮನವಿಯನ್ನು ಸಮಿತಿ ‘ಇನ್ವೆಸ್ಟಿಗೇಟ್’ ಮಾಡಲಿದೆ. ಅಂಕಣ ಕೇಳಿದ್ದೇ ಅಪರಾಧ ಎಂಬಂತೆ!

ತಪ್ಪು ಅವಳದ್ದಲ್ಲ, ನನ್ನದು. ನಾನು ಹೇಳಿದ್ದು ಅರ್ಧ ಮಾತು. ಫ್ರೇಸಲ್ ವರ್ಬ್ ತೆಗೆಯಿರಿ ಎಂದೆ, ಅದರ ಜಾಗಕ್ಕೆ ಬರುವ ಪದವನ್ನು ಎಲ್ಲಿಂದ ಆರಿಸಬೇಕು ಎಂದು ಹೇಳಲಿಲ್ಲ. ಪದವನ್ನು ಪಟ್ಟಿಯಿಂದ ಆರಿಸುವುದಲ್ಲ, ಮೈದಾನದಲ್ಲಿ ಏನು ನಡೆಯಿತೋ ಅದರಿಂದ ಆರಿಸಬೇಕು. ಅವಳ ವರದಿಯನ್ನೇ ಇಟ್ಟುಕೊಂಡು, ಅವಳ ಅನುಮತಿ ಪಡೆದು, ಇದನ್ನು ಬರೆಯುತ್ತಿದ್ದೇನೆ.

ಮೊದಲು, ಒಂದೇ ಪದ ಯಾಕೆ ಗಂಭೀರ, ಎರಡು ಪದ ಯಾಕೆ ಹಗುರ ಎನ್ನುವುದನ್ನು ಚುಟುಕಾಗಿ ನೋಡೋಣ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಆಸ್ಥಾನ, ನ್ಯಾಯಾಲಯಗಳಲ್ಲಿ ಫ್ರೆಂಚ್, ಚರ್ಚು ಮತ್ತು ವಿದ್ಯೆಯಲ್ಲಿ ಲ್ಯಾಟಿನ್ ನಡೆಯಿತು. ಮನೆ, ಹೊಲ, ಅಂಗಡಿಯಲ್ಲಿ ಹಳೆಯ ಇಂಗ್ಲಿಷೇ ಉಳಿಯಿತು. ಪುಟ್, ಲುಕ್, ಸೆಟ್, ಬ್ರೇಕ್ ಇವೆಲ್ಲ ಆ ಮನೆಮಾತಿನ ಪದಗಳು. ಪೋಸ್ಟ್‌ಪೋನ್, ಇನ್ವೆಸ್ಟಿಗೇಟ್ ಇವು ಲ್ಯಾಟಿನ್ ಕಡೆಯಿಂದ ಬಂದವು. ಕಚೇರಿಯ ಕಾಗದದಲ್ಲಿ ಇವತ್ತಿಗೂ ಆ ಹಳೆಯ ಮರ್ಯಾದೆ ನಡೆಯುತ್ತಿದೆ. ತಮಾಷೆಯೆಂದರೆ ಒಳಗೆ ನೋಡಿದರೆ ಎರಡೂ ಒಂದೇ. ಲ್ಯಾಟಿನ್‌ನಲ್ಲಿ ‘ಪೋಸ್ಟ್’ ಎಂದರೆ ನಂತರ, ‘ಪೋನೆರೆ’ ಎಂದರೆ ಇಡು. ಪೋಸ್ಟ್‌ಪೋನ್ ಎಂದರೂ ‘ಆಮೇಲಕ್ಕೆ ಇಡು’ ಎಂದೇ.

ಇದು ನಮ್ಮ ಕಾಲೇಜಿನ ಮಕ್ಕಳಿಗೆ ಹೊಸದೇನಲ್ಲ. ಮನೆಯಲ್ಲಿ ಉರ್ದು ಆಡುವವರು ಯಾರಾದರೂ ಕೆಲಸ ಮುಂದಕ್ಕೆ ತಳ್ಳುತ್ತಿದ್ದರೆ ‘ಟಾಲ್ನಾ’ ಎನ್ನುತ್ತಾರೆ. ಉರ್ದು ಪತ್ರಿಕೆಯಲ್ಲಿ ಸಭೆ ಮುಂದೆ ಹೋದರೆ ‘ಮುಲ್ತವಿ’ ಆಗುತ್ತದೆ. ಒಂದು ಓಣಿಯ ಮಾತು, ಇನ್ನೊಂದು ಅರಬ್ಬಿಯಿಂದ ಬಂದ ಕಾಗದದ ಮಾತು. ಕನ್ನಡದಲ್ಲೂ ‘ನೋಡೋಣ’ ಎಂದು ಬಾಯಲ್ಲಿ ಹೇಳುವುದನ್ನೇ ಕಚೇರಿ ‘ಪರಿಶೀಲಿಸಲಾಗುವುದು’ ಎಂದು ಸಂಸ್ಕೃತ ಬೆರೆಸಿ ಬರೆಯುತ್ತದೆ. ಮೂರು ಭಾಷೆಗಳಲ್ಲೂ ವ್ಯವಹಾರ ಒಂದೇ.

ಆದರೆ ಇಂಗ್ಲಿಷ್ ವಿಷಯದಲ್ಲಿ ನಮಗೂ ಲಂಡನ್ನಿನ ಹುಡುಗನಿಗೂ ಒಂದು ವ್ಯತ್ಯಾಸವಿದೆ. ಅವನು ಅಮ್ಮನ ಬಾಯಿಂದ ‘ಪುಟ್ ಆಫ್’ ಕಲಿತು, ಆಮೇಲೆ ಶಾಲೆಯಲ್ಲಿ ‘ಪೋಸ್ಟ್‌ಪೋನ್’ ಕಲಿಯುತ್ತಾನೆ. ನಾವು ಉಲ್ಟಾ. ನಮ್ಮಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತವರೂ ‘ಎಕ್ಸಾಮ್ ಪೋಸ್ಟ್‌ಪೋನ್ ಆಯ್ತಂತೆ’ ಎನ್ನುತ್ತಾರೆ. ‘ಪುಟ್ ಆಫ್’ ನಮಗೆ ಪುಸ್ತಕದಿಂದ ಬಂದದ್ದು. ಹಾಗಾಗಿ ‘ದೊಡ್ಡ ಪದ ಬಳಸಿ’ ಎಂಬ ಉಪದೇಶ ನಮಗೆ ಅಷ್ಟಾಗಿ ಬೇಕಿಲ್ಲ, ದೊಡ್ಡ ಪದಗಳು ನಮ್ಮ ಬಳಿ ಇವೆ. ಅವುಗಳ ನಡುವಿನ ಗೆರೆ ಎಲ್ಲಿ ಎಂಬುದು ಗೊತ್ತಿಲ್ಲ.

ಆ ಗೆರೆ ಕಾಣದಿರಲು ಕನ್ನಡವೂ ಸ್ವಲ್ಪ ಕಾರಣ. ಸಭೆಯನ್ನು ಮುಂದೂಡಿದರು, ತೀರ್ಮಾನವನ್ನು ಮುಂದೂಡಿದರು, ಅರ್ಧಕ್ಕೆ ನಿಂತ ವಿಚಾರಣೆಯನ್ನು ಮುಂದೂಡಿದರು. ನಮಗೆ ಎಲ್ಲದಕ್ಕೂ ‘ಮುಂದೂಡು’ ಸಾಕು. ಇಂಗ್ಲಿಷ್ ವರದಿಯಲ್ಲಿ ಈ ಮೂರೂ ಬೇರೆ ಬೇರೆ.

ಕಾರ್ಯದರ್ಶಿಯ ನಾಲ್ಕು ‘ಪುಟ್ ಆಫ್’ಗಳನ್ನು ಒಂದೊಂದಾಗಿ ಬಿಡಿಸಿದೆವು. ಮೊದಲನೆಯದು, ಗುರುವಾರ ನಡೆಯಬೇಕಿದ್ದ ಕ್ರೀಡಾಕೂಟ ಮಳೆಯಿಂದಾಗಿ ಮುಂದಿನ ಮಂಗಳವಾರ ನಡೆದದ್ದು. ಇನ್ನೂ ಶುರುವಾಗದ ಕಾರ್ಯಕ್ರಮ, ಹೊಸ ದಿನ ಗೊತ್ತುಮಾಡಿದ್ದಾರೆ. ಇದು ಅಪ್ಪಟ ‘ಪೋಸ್ಟ್‌ಪೋನ್’. ಆ ಪದ ಬರೆದ ಕೂಡಲೇ ಓದುವವನು ‘ಯಾವತ್ತಿನಿಂದ ಯಾವತ್ತಿಗೆ?’ ಎಂದು ಕೇಳುತ್ತಾನೆ. ಅವಳ ಮೊದಲ ಪ್ರತಿಯಲ್ಲಿ ‘ಪುಟ್ ಆಫ್ ಬಿಕಾಸ್ ಆಫ್ ರೇನ್’ ಎಂದಷ್ಟೇ ಇತ್ತು, ಮಂಗಳವಾರದ ಸುದ್ದಿಯೇ ಇರಲಿಲ್ಲ. ‘ಪೋಸ್ಟ್‌ಪೋನ್ಡ್ ಫ್ರಮ್ ಥರ್ಸ್‌ಡೇ ಟು’ ಎಂದು ಬರೆಯಲು ಕೂತಾಗ ದಿನ ತಾನಾಗಿ ಬಂತು.

ಎರಡನೆಯದು, ಮಂಗಳವಾರ ಬೆಳಿಗ್ಗೆ 8.30ಕ್ಕೆ ಇದ್ದ ಪಥಸಂಚಲನ 9.30ಕ್ಕೆ ಶುರುವಾದದ್ದು. ಅತಿಥಿಗಳ ಕಾರು ಬರಲು ತಡವಾಯಿತು. ಇದನ್ನೂ ಅವಳು ‘ಪೋಸ್ಟ್‌ಪೋನ್ಡ್ ಬೈ ಒನ್ ಅವರ್’ ಮಾಡಿದ್ದಳು. ವ್ಯಾಕರಣ ಸರಿ. ಆದರೆ ಪೋಸ್ಟ್‌ಪೋನ್ ಮಾಡುವುದು ಯಾರೋ ಕೂತು ತೀರ್ಮಾನಿಸಿ. ಇಲ್ಲಿ ಯಾರೂ ತೀರ್ಮಾನಿಸಲಿಲ್ಲ, ಎಲ್ಲರೂ ಬಿಸಿಲಲ್ಲಿ ಕಾದರು. ಅದು ‘ಡಿಲೇಡ್’. ‘ಯಾರು ಪೋಸ್ಟ್‌ಪೋನ್ ಮಾಡಿದ್ದು?’ ಎಂದು ಕೇಳಿದೆ. ‘ಯಾರೂ ಇಲ್ಲ ಸರ್, ಅದೇ ಲೇಟಾಯ್ತು’ ಅಂದಳು. ಉತ್ತರ ಅವಳ ಬಾಯಲ್ಲೇ ಇತ್ತು.

ಮೂರನೆಯದು ರಿಲೇ ಗಲಾಟೆ. ಒಂದು ತಂಡ ಬ್ಯಾಟನ್ ಅನ್ನು ಗುರುತು ಹಾಕಿದ ವಲಯದ ಹೊರಗೆ ಕೈ ಬದಲಿಸಿತು ಎಂದು ಇನ್ನೊಂದು ತಂಡದ ಆಕ್ಷೇಪ. ಅದು ಇತ್ಯರ್ಥವಾಗದೆ ಸಮಗ್ರ ಪ್ರಶಸ್ತಿ ಯಾರಿಗೆ ಎಂದು ಹೇಳುವಂತಿಲ್ಲ. ಹಾಗಾಗಿ ಆ ತೀರ್ಮಾನವನ್ನು ತಡೆಹಿಡಿದರು. ಇದಕ್ಕೆ ‘ಡಿಫರ್’. ತೀರ್ಮಾನ, ಪಾವತಿ, ಪ್ರವೇಶ ಇಂಥವನ್ನು ಇನ್ನೇನೋ ಆಗುವವರೆಗೆ ತಡೆದಿಡುವಾಗ ಈ ಪದ ಚೆನ್ನಾಗಿ ಕೂರುತ್ತದೆ. ಪೋಸ್ಟ್‌ಪೋನ್ ಪಕ್ಕದಲ್ಲಿ ಸಾಮಾನ್ಯವಾಗಿ ಒಂದು ದಿನ ಇರುತ್ತದೆ, ಡಿಫರ್ ಪಕ್ಕದಲ್ಲಿ ಹೆಚ್ಚಾಗಿ ಒಂದು ಷರತ್ತು ಇರುತ್ತದೆ. ಇಲ್ಲಿ ಷರತ್ತು, ವಿಡಿಯೊ ನೋಡುವವರೆಗೆ. ‘ತೀರ್ಮಾನವನ್ನು ಪೋಸ್ಟ್‌ಪೋನ್ ಮಾಡಿದರು’ ಎಂದರೂ ಯಾರೂ ತಪ್ಪು ಹಾಕುವುದಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಈ ಗೆರೆ ಬೇರೆ ಗೆರೆಗಳಷ್ಟು ಗಟ್ಟಿಯಲ್ಲ.

ನಾಲ್ಕನೆಯದು ಗಟ್ಟಿ ಗೆರೆ. ಶುಕ್ರವಾರ ಹನ್ನೊಂದೂವರೆಗೆ ಸಮಿತಿ ಸಭೆ ಶುರುವಾಯಿತು, ಚರ್ಚೆ ಮುಗಿಯುವ ಮೊದಲೇ ಜುಮಾ ಹೊತ್ತಾಯಿತು, ಎದ್ದರು. ಉಳಿದದ್ದನ್ನು ಶನಿವಾರ ಬೆಳಿಗ್ಗೆ ಮುಗಿಸಿದರು. ಅವಳು ಇದನ್ನೂ ‘ದಿ ಮೀಟಿಂಗ್ ವಾಸ್ ಪೋಸ್ಟ್‌ಪೋನ್ಡ್’ ಎಂದು ಬರೆದಿದ್ದಳು. ಹಾಗೆ ಓದಿದವರಿಗೆ ಶುಕ್ರವಾರ ಸಭೆ ನಡೆಯಲೇ ಇಲ್ಲ ಎಂದಾಗುತ್ತದೆ. ಅಂದು ಕೈಗೊಂಡ ಎರಡು ತೀರ್ಮಾನಗಳು, ಹಾಜರಿದ್ದವರ ಸಹಿ, ಎಲ್ಲ ಗಾಳಿಗೆ. ಶುರುವಾಗಿ ನಡುವೆ ನಿಂತ ಸಭೆಗೆ ಪದ ‘ಅಡ್ಜರ್ನ್’. ಹಳೆಯ ಫ್ರೆಂಚಿನಲ್ಲಿ ‘ಜುರ್’ ಎಂದರೆ ದಿನ. ಇಂಥ ದಿನಕ್ಕೆ ಎಂದು ಗೊತ್ತುಮಾಡಿ ಏಳುವುದು ಅದರ ಮೂಲಾರ್ಥ. ಅಡ್ಜರ್ನ್ ಆದ ಸಭೆ ಮತ್ತೆ ಸೇರಿದಾಗ ಅದು ಹೊಸ ಸಭೆಯಲ್ಲ, ಅದೇ ಸಭೆಯ ಮುಂದುವರಿಕೆ. ನಡಾವಳಿ ಪುಸ್ತಕದಲ್ಲಿ ಈ ಒಂದು ಪದ ತಪ್ಪಿದರೆ ಶುಕ್ರವಾರದ ತೀರ್ಮಾನಕ್ಕೆ ಕಾಗದದ ಮೇಲೆ ಆಧಾರವೇ ಇರುವುದಿಲ್ಲ.

ಇಲ್ಲಿ ಇನ್ನೊಂದು ಗುಂಡಿಯನ್ನು ತೋರಿಸಿಯೇ ಮುಂದೆ ಹೋಗಬೇಕು. ಕೆಲವರು ‘ಮುಂದೂಡು’ ಪದವನ್ನೇ ಮನಸ್ಸಿನಲ್ಲಿಟ್ಟುಕೊಂಡು ‘ದಿ ಮೀಟಿಂಗ್ ವಾಸ್ ಬ್ರಾಟ್ ಫಾರ್ವರ್ಡ್’ ಎಂದು ಬರೆಯುತ್ತಾರೆ. ಕನ್ನಡದಲ್ಲಿ ಮುಂದಕ್ಕೆ ಹೋಗುವುದೆಂದರೆ ತಡವಾಗುವುದು. ಇಂಗ್ಲಿಷ್‌ನಲ್ಲಿ ಸಭೆ ‘ಬ್ರಾಟ್ ಫಾರ್ವರ್ಡ್’ ಆಯಿತೆಂದರೆ ನಿಗದಿಗಿಂತ ಮೊದಲೇ ನಡೆಯಿತು ಎಂದು, ನಾವು ಭಾರತದಲ್ಲಿ ‘ಪ್ರಿಪೋನ್’ ಎನ್ನುತ್ತೇವಲ್ಲ, ಅದು. ಲೆಡ್ಜರಿನಲ್ಲಿ ದಿನವೂ ‘ಬ್ರಾಟ್ ಫಾರ್ವರ್ಡ್’ ಬರೆಯುವ ವಾಣಿಜ್ಯದ ಮಕ್ಕಳೇ ಇದರಲ್ಲಿ ಹೆಚ್ಚು ಬೀಳುವುದನ್ನು ಕಂಡಿದ್ದೇನೆ.

ಮತ್ತೆ, ‘ಒದ್ದೆ ಮೈದಾನ ಹಲವು ಹುಡುಗಿಯರನ್ನು ಪುಟ್ ಆಫ್ ಮಾಡಿತು’ ಎಂಬಂಥ ವಾಕ್ಯವೂ ಇಂಗ್ಲಿಷ್‌ನಲ್ಲಿ ಸಾಧ್ಯ. ಅಲ್ಲಿ ಅರ್ಥ ಹಿಂಜರಿಯುವಂತೆ ಮಾಡಿತು ಎಂದು, ಪದ ‘ಡಿಟರ್’. ಪಟ್ಟಿ ನಂಬಿ ಹುಡುಗಿಯರನ್ನು ಪೋಸ್ಟ್‌ಪೋನ್ ಮಾಡಬೇಡಿ.

ಈಗ ‘ಲುಕ್ ಇಂಟು’. ನನ್ನ ನಿಜವಾದ ಸಿಟ್ಟು ಇರುವುದು ಇದರ ಮೇಲೆ.

ಲ್ಯಾಟಿನ್‌ನಲ್ಲಿ ‘ವೆಸ್ಟಿಗಿಯಂ’ ಎಂದರೆ ಹೆಜ್ಜೆಗುರುತು. ‘ಇನ್ವೆಸ್ಟಿಗೇಟ್’ ಎಂದರೆ ಹೆಜ್ಜೆ ಹಿಡಿದು ಹೋಗುವುದು. ಏನೋ ಆಗಿದೆ, ಹೇಗೆ ಆಯಿತು, ಯಾರಿಂದ ಆಯಿತು ಗೊತ್ತಿಲ್ಲ, ಸುಳಿವು ಹುಡುಕಬೇಕು ಎಂಬಲ್ಲಿ ಆ ಪದ. ನಮ್ಮ ಕಾನೂನು ಇದನ್ನು ಇನ್ನೂ ಬಿಗಿಯಾಗಿ ಹಿಡಿದಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ, ಅದರ ಜಾಗಕ್ಕೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ‘ಇನ್ವೆಸ್ಟಿಗೇಶನ್’ ಮತ್ತು ‘ಇನ್‌ಕ್ವೈರಿ’ ಎರಡಕ್ಕೂ ಬೇರೆ ಬೇರೆ ವ್ಯಾಖ್ಯೆ ಇದೆ. ಸಾಕ್ಷ್ಯ ಕಲೆಹಾಕಲು ಪೊಲೀಸರು ನಡೆಸುವುದು ಮೊದಲನೆಯದು, ಮ್ಯಾಜಿಸ್ಟ್ರೇಟರು ಅಥವಾ ನ್ಯಾಯಾಲಯ ನಡೆಸುವುದು ಎರಡನೆಯದು. ಕನ್ನಡ ಪತ್ರಿಕೆಗಳು ಒಂದನ್ನು ತನಿಖೆ, ಇನ್ನೊಂದನ್ನು ವಿಚಾರಣೆ ಎನ್ನುತ್ತವೆ. ಸರ್ಕಾರ ಆಯೋಗ ನೇಮಿಸುವುದು 1952ರ ಕಮಿಷನ್ಸ್ ಆಫ್ ಇನ್‌ಕ್ವೈರಿ ಕಾಯ್ದೆಯಡಿ. ಆ ಹೆಸರಲ್ಲಿ ಇರುವುದೂ ಇನ್‌ಕ್ವೈರಿಯೇ. ಕಾಲೇಜಿನ ವರದಿ ಕಾನೂನಿನ ಕಾಗದವಲ್ಲ, ಅಷ್ಟು ಬಿಗಿ ಬೇಕಿಲ್ಲ, ಸರಿ. ಆದರೆ ನೀರಿನ ಡ್ರಮ್ಮಿನ ಬಗ್ಗೆ ‘ಇನ್ವೆಸ್ಟಿಗೇಶನ್’ ಎಂದು ಓದಿದ ಪೋಷಕರಿಗೆ ಯಾರ ಮೇಲೆ ಅನುಮಾನ ಬರುತ್ತದೆ, ಯೋಚಿಸಿ.

ಕಾರ್ಯದರ್ಶಿಯ ಮೂರು ಕಡೆಗಳನ್ನು ನೋಡೋಣ. ದೈಹಿಕ ಶಿಕ್ಷಣ ನಿರ್ದೇಶಕರು ಮೊಬೈಲಿನಲ್ಲಿದ್ದ ರಿಲೇ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರು. ವಸ್ತು ಕೈಯಲ್ಲೇ ಇದೆ, ಅದನ್ನು ಹತ್ತಿರದಿಂದ ನೋಡಿದ್ದಾರೆ. ಅದು ‘ಎಗ್ಸಾಮಿನ್’. ಎರಡನೆಯದು, ಹನ್ನೊಂದು ಗಂಟೆಗೇ ಕುಡಿಯುವ ನೀರು ಖಾಲಿಯಾದದ್ದು. ಸಮಿತಿಯ ಇಬ್ಬರು ಮೂರು ಜನರನ್ನು ಕೇಳಿದರು. ಮೂರು ಡ್ರಮ್ ತುಂಬಿಸಿದ್ದು ನಿಜ, ಒಂದು ಕ್ಯಾಂಟೀನಿನ ಹಿಂದೆಯೇ ಉಳಿದುಹೋಗಿತ್ತು ಎಂದು ತಿಳಿಯಿತು. ಕೇಳಿ ತಿಳಿದುಕೊಳ್ಳುವುದು ‘ಇನ್‌ಕ್ವೈರ್’. ಇಲ್ಲಿ ‘ಇಂಟು’ ಬೇಕು: ‘ಇನ್‌ಕ್ವೈರ್ಡ್ ಇಂಟು ದಿ ಶಾರ್ಟೇಜ್’. ಮೂರನೆಯದು ಥ್ರೋಬಾಲ್ ಅಂಕಣದ ಮನವಿ. ಅಲ್ಲಿ ಪತ್ತೆ ಹಚ್ಚುವುದೇನೂ ಇಲ್ಲ. ಕೊಡಬಹುದೋ ಇಲ್ಲವೋ ಎಂದು ಯೋಚಿಸಬೇಕು. ಅದು ‘ಕನ್ಸಿಡರ್’.

ಮೂರೂ ‘ಲುಕ್ ಇಂಟು’ ಆಗಿದ್ದಾಗ ಮೂರೂ ಒಂದೇ ರೀತಿ ಕೇಳಿಸುತ್ತಿದ್ದವು. ಈಗ ಎರಡು ಮುಗಿದ ಕೆಲಸ, ಒಂದು ಇನ್ನೂ ಆಗಬೇಕಾದ ಕೆಲಸ ಎಂದು ಬೇರ್ಪಟ್ಟವು. ‘ಕನ್ಸಿಡರ್ ಅಂದ್ರೆ ಯಾವಾಗ ಅಂತ ಬರೀಬೇಕಲ್ಲ ಸರ್?’ ಎಂದು ಅವಳೇ ಕೇಳಿದಳು. ಬರೆಯಲೇಬೇಕು ಎಂದೆ. ಅವಳು ಹೋಗಿ ನಿರ್ದೇಶಕರನ್ನು ಕೇಳಿ ಬಂದಳು. ಮುಂದಿನ ತಿಂಗಳ ಸಭೆ ಎಂದರಂತೆ.

ಸಿಟ್ಟು ಎಂದೆನಲ್ಲ, ಅದು ಹಳೆಯದು. ನಾನು ಹಿಂದೆ ಕೆಲಸ ಮಾಡಿದ ಒಂದು ಸಂಸ್ಥೆಯಲ್ಲಿ ಹುಡುಗಿಯರ ವಿಶ್ರಾಂತಿ ಕೊಠಡಿಯ ಬಾಗಿಲಿನ ಚಿಲಕ ಮುರಿದಿತ್ತು. ವಿದ್ಯಾರ್ಥಿ ಸಭೆಯಲ್ಲಿ ಯಾರೋ ಹೇಳಿದರು, ‘ದಿ ಮ್ಯಾಟರ್ ವಿಲ್ ಬಿ ಲುಕ್ಡ್ ಇಂಟು’ ಎಂದು ನಡಾವಳಿಯಲ್ಲಿ ಬರೆಯಲಾಯಿತು. ಬರೆದವನು ನಾನೇ. ಮುಂದಿನ ಸಭೆಯಲ್ಲಿ ‘ದಿ ಮ್ಯಾಟರ್ ಈಸ್ ಬೀಯಿಂಗ್ ಲುಕ್ಡ್ ಇಂಟು’. ಅದನ್ನೂ ನಾನೇ ಬರೆದೆ, ಸುಳ್ಳು ಬರೆಯುತ್ತಿದ್ದೇನೆ ಎಂದು ಅನ್ನಿಸಲೂ ಇಲ್ಲ. ವರ್ಷದ ಕೊನೆಗೆ ವಾರ್ಷಿಕ ವರದಿಗಾಗಿ ನಡಾವಳಿಯನ್ನು ತಿದ್ದಲು ಕೂತಾಗ ‘ಲುಕ್ಡ್ ಇಂಟು’ ತೆಗೆದು ಒಳ್ಳೆಯ ಪದ ಹಾಕೋಣ ಎಂದುಕೊಂಡೆ. ಇನ್‌ಸ್ಪೆಕ್ಟೆಡ್? ಯಾರೂ ಹೋಗಿ ನೋಡಿರಲಿಲ್ಲ. ಇನ್‌ಕ್ವೈರ್ಡ್? ಯಾರನ್ನೂ ಕೇಳಿರಲಿಲ್ಲ. ಕನ್ಸಿಡರ್ಡ್? ಖರ್ಚಿನ ಮಾತೇ ಬಂದಿರಲಿಲ್ಲ. ರಿಪೇರ್ಡ್? ಚಿಲಕ ಹಾಗೇ ಇತ್ತು. ಯಾವ ಪದವೂ ಕೂರಲಿಲ್ಲ, ಯಾಕೆಂದರೆ ಯಾವ ಕೆಲಸವೂ ನಡೆದಿರಲಿಲ್ಲ. ಒಂದು ವರ್ಷ ಆ ಹುಡುಗಿಯರು ಒಬ್ಬರು ಒಳಗಿದ್ದಾಗ ಒಬ್ಬರು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದರು. ನನ್ನ ನಡಾವಳಿ ಪ್ರಕಾರ ವಿಷಯ ಪರಿಶೀಲನೆಯಲ್ಲಿತ್ತು.

ಹಾಗಾಗಿ ವರದಿಯಲ್ಲಿ ಒಂದೇ ಪದದ ಕ್ರಿಯಾಪದ ಬೇಕು ಎಂದು ನಾನು ಹಠ ಹಿಡಿಯುವುದು ಅದು ದೊಡ್ಡದಾಗಿ ಕೇಳಿಸುತ್ತದೆ ಎಂದಲ್ಲ. ಇಂಥ ಪದಕ್ಕೆ ತಲೆಮರೆಸಿಕೊಳ್ಳುವ ಜಾಗ ಕಡಿಮೆ. ಇಲ್ಲವೇ ಇಲ್ಲ ಎನ್ನಲಾರೆ. ‘ಕನ್ಸಿಡರ್’ ಹಿಂದೆ ಅಡಗುವವರೂ ಇದ್ದಾರೆ, ಕನ್ನಡದ ‘ಪರಿಶೀಲಿಸಲಾಗುವುದು’ ಹಿಂದೆ ಅಡಗುವವರಂತೂ ಲೆಕ್ಕವಿಲ್ಲ. ಆದರೆ ‘ಇನ್‌ಸ್ಪೆಕ್ಟೆಡ್’ ಎಂದು ಬರೆದರೆ ಯಾರು, ಯಾವತ್ತು ಎಂದು ಕೇಳಬಹುದು. ‘ಲುಕ್ಡ್ ಇಂಟು’ ಎಂದರೆ ಕೇಳಲು ಏನೂ ಸಿಗುವುದಿಲ್ಲ.

ಇನ್ನು ‘ಇನ್ವೆಸ್ಟಿಗೇಟ್ ಇಂಟು’. ನಮ್ಮ ಉತ್ತರ ಪತ್ರಿಕೆಗಳಲ್ಲಿ, ಅಷ್ಟೇ ಏಕೆ, ಕಚೇರಿ ಪತ್ರಗಳಲ್ಲೂ ಕಾಣುವ ತಪ್ಪು. ಎರಡು ಪದದ ಕ್ರಿಯಾಪದವನ್ನು ತೆಗೆಯುವಾಗ ಅದರ ಬಾಲವೂ ಹೋಗಬೇಕು. ಲುಕ್ ಹೋಗಿ ಇನ್ವೆಸ್ಟಿಗೇಟ್ ಬಂತು, ಇಂಟು ಮಾತ್ರ ಕದಲಲಿಲ್ಲ. ಇದಕ್ಕೆ ಇನ್ನೊಂದು ಕಾರಣವೂ ಇದೆ. ನಾಮಪದವಾದಾಗ ‘ಆ್ಯನ್ ಇನ್ವೆಸ್ಟಿಗೇಶನ್ ಇಂಟು ದಿ ಮ್ಯಾಟರ್’ ಸರಿ. ಅದನ್ನು ಓದಿದ ಕಣ್ಣು ಕ್ರಿಯಾಪದಕ್ಕೂ ಇಂಟು ಅಂಟಿಸುತ್ತದೆ. ‘ಡಿಸ್ಕಸ್ ಅಬೌಟ್’ ಹುಟ್ಟುವುದೂ ಹೀಗೆಯೇ. ‘ಡಿಸ್ಕಶನ್ ಅಬೌಟ್’ ಇದೆ, ‘ಟಾಕ್ ಅಬೌಟ್’ ಇದೆ, ಆದರೆ ಡಿಸ್ಕಸ್‌ಗೆ ಅಬೌಟ್ ಬೇಡ. ‘ಇನ್‌ಕ್ವೈರ್’ ಮಾತ್ರ ಇಂಟು ಉಳಿಸಿಕೊಳ್ಳುತ್ತದೆ ಎಂದು ಆಗಲೇ ಹೇಳಿದೆ. ಈ ಅಪವಾದವನ್ನು ನೆನಪಿಟ್ಟುಕೊಳ್ಳುವುದೊಂದೇ ದಾರಿ.

ಪುಟ್ ಆಫ್, ಲುಕ್ ಇಂಟು ಎರಡೂ ಒಂದೇ ಜಾತಿಯಲ್ಲ ಎನ್ನುವುದನ್ನೂ ಇಲ್ಲೇ ಹೇಳಬಹುದು. ಕರ್ಮದ ಜಾಗದಲ್ಲಿ ‘ಇಟ್’ ಹಾಕಿ ನೋಡಿ. ‘ಪುಟ್ ಇಟ್ ಆಫ್’ ಎನ್ನಬೇಕು, ‘ಪುಟ್ ಆಫ್ ಇಟ್’ ಎನ್ನುವಂತಿಲ್ಲ. ಲುಕ್ ಇಂಟುವಿನಲ್ಲಿ ಇದು ತಿರುಗುಮುರುಗು: ‘ಲುಕ್ ಇಂಟು ಇಟ್’ ಸರಿ, ‘ಲುಕ್ ಇಟ್ ಇಂಟು’ ತಪ್ಪು. ಮೊದಲನೆಯದರಲ್ಲಿ ಆಫ್ ಕ್ರಿಯಾಪದದ ಬಾಲ, ಎಲ್ಲಿ ಬೇಕಾದರೂ ಅಲ್ಲಾಡುತ್ತದೆ. ಎರಡನೆಯದರಲ್ಲಿ ಇಂಟು ತನ್ನ ಮುಂದಿನ ಪದವನ್ನು ಹಿಡಿದು ನಿಂತಿದೆ. ಹಾಗೆ ಮುಂದಿನ ಪದವನ್ನು ಹಿಡಿದು ನಿಲ್ಲುವ ಬಾಲವನ್ನೇ ನಾವು ಮರೆತು ಬಿಟ್ಟುಬರುವುದು. ‘ಪೋಸ್ಟ್‌ಪೋನ್ ಆಫ್’ ಎಂದು ಬರೆದ ಒಬ್ಬ ವಿದ್ಯಾರ್ಥಿಯನ್ನೂ ನಾನು ನೋಡಿಲ್ಲ.

ಸ್ಟಾಫ್ ರೂಮಿನಲ್ಲಿ ಒಬ್ಬ ಸಹೋದ್ಯೋಗಿ ಇದನ್ನೆಲ್ಲ ಕೇಳಿ ನಕ್ಕರು. ‘ಹದಿನೇಳು ವರ್ಷದ ಮಕ್ಕಳಿಗೆ ಇಷ್ಟೆಲ್ಲ ಯಾಕೆ? ಪಟ್ಟಿ ಕೊಡಿ, ಬಾಯಿಪಾಠ ಮಾಡಲಿ, ಮಾರ್ಕ್ಸ್ ಬರುತ್ತೆ’ ಎಂದರು. ಮಾರ್ಕ್ಸ್ ಬರಬಹುದು. ಆದರೆ ಪಟ್ಟಿಯ ಇನ್ನೊಂದು ಅಪಾಯವನ್ನು ಅವರ ಲ್ಯಾಬಿನಲ್ಲೇ ತೋರಿಸಿದೆ. ಅವರು ರಸಾಯನಶಾಸ್ತ್ರದವರು. ಪಟ್ಟಿಯಲ್ಲಿ ‘ಸೆಟ್ ಅಪ್’ ಎದುರು ‘ಎಸ್ಟಾಬ್ಲಿಶ್’ ಎಂದಿದೆ. ಒಬ್ಬ ಹುಡುಗ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ‘ದಿ ಅಪರೇಟಸ್ ವಾಸ್ ಎಸ್ಟಾಬ್ಲಿಶ್ಡ್’ ಎಂದು ಬರೆದಿದ್ದ. ಸಂಸ್ಥೆಯನ್ನು, ಟ್ರಸ್ಟನ್ನು ಎಸ್ಟಾಬ್ಲಿಶ್ ಮಾಡಬಹುದು. ಬ್ಯೂರೆಟ್ಟು, ಸ್ಟ್ಯಾಂಡು, ಫ್ಲಾಸ್ಕನ್ನು ಸೆಟ್ ಅಪ್ ಮಾಡುತ್ತಾರೆ. ವಿಜ್ಞಾನದ ಬರಹದಲ್ಲಿ ಇದು ಸಲ್ಲುವ ಮಾತೇ, ಬೇಕಿದ್ದರೆ ‘ಅಸೆಂಬಲ್’ ಎನ್ನಿ. ‘ಕ್ಯಾರಿ ಔಟ್’, ‘ಪಾಯಿಂಟ್ ಔಟ್’ ಕೂಡ ಹಾಗೆಯೇ. ಪ್ರಯೋಗ ‘ವಾಸ್ ಕ್ಯಾರಿಡ್ ಔಟ್’ ಎಂದು ಸಂಶೋಧನಾ ಪ್ರಬಂಧಗಳಲ್ಲೇ ಧಾರಾಳವಾಗಿ ಇರುತ್ತದೆ. ಎರಡು ಪದ ಕಂಡ ಕೂಡಲೇ ಕೆಂಪು ಗೆರೆ ಎಳೆಯುವ ಮೇಷ್ಟ್ರ ಕೈಯನ್ನೂ, ಅಂದರೆ ನನ್ನದನ್ನೂ, ಸ್ವಲ್ಪ ಹಿಡಿಯಬೇಕು. ‘ಬ್ರೇಕ್ ಡೌನ್’ ರಸಾಯನಶಾಸ್ತ್ರದಲ್ಲಿ ‘ಡಿಕಂಪೋಸ್’ ಆಗಬಹುದು. ಕ್ರೀಡಾಪಟುಗಳನ್ನು ಕರೆತರುತ್ತಿದ್ದ ಬಸ್ಸು ದಾರಿಯಲ್ಲಿ ಬ್ರೇಕ್ ಡೌನ್ ಆದರೆ ಅದು ಕೊಳೆತುಹೋಗುವುದಿಲ್ಲ. ಅದನ್ನು ಬ್ರೇಕ್ ಡೌನ್ ಎಂದೇ ಬಿಡಿ.

ಇಂಗ್ಲೆಂಡಿನವರೇ ಈ ಬಗ್ಗೆ ಒಂದೇ ಮನಸ್ಸಿನವರಲ್ಲ. ಜಾರ್ಜ್ ಆರ್ವೆಲ್ 1946ರ ‘ಪಾಲಿಟಿಕ್ಸ್ ಅಂಡ್ ದಿ ಇಂಗ್ಲಿಷ್ ಲ್ಯಾಂಗ್ವೇಜ್’ ಎಂಬ ಪ್ರಬಂಧದಲ್ಲಿ ಸಣ್ಣ ಪದ ಸಾಕಾಗುವಲ್ಲಿ ದೊಡ್ಡ ಪದ ಬೇಡ ಎಂದು ವಾದಿಸಿದರು. ಎರಡು ವರ್ಷದ ಬಳಿಕ ಅರ್ನೆಸ್ಟ್ ಗವರ್ಸ್ ಸರ್ಕಾರಿ ನೌಕರರಿಗಾಗಿ ‘ಪ್ಲೇನ್ ವರ್ಡ್ಸ್’ ಎಂಬ ಪುಸ್ತಕವನ್ನೇ ಬರೆದರು. ಅವರ ಮಾತನ್ನು ಕೇಳಿದರೆ ಕಾರ್ಯದರ್ಶಿಯ ಮೊದಲ ಪ್ರತಿಯೇ ಮೇಲು ಎನ್ನಬಹುದೇ? ನನಗೆ ಹಾಗನ್ನಿಸುವುದಿಲ್ಲ. ಅವರ ಜಗಳ ಇದ್ದದ್ದು ಅರ್ಥ ಮುಚ್ಚುವ ದೊಡ್ಡ ಪದಗಳ ಜೊತೆ. ನಮ್ಮ ನಡಾವಳಿಯಲ್ಲಿ ಅರ್ಥ ಮುಚ್ಚುತ್ತಿರುವುದು ಸಣ್ಣ ಪದ. ‘ಅಡ್ಜರ್ನ್’ ದೊಡ್ಡದೆಂದು ಬಿಟ್ಟರೆ ಶುಕ್ರವಾರದ ಸಭೆಯೇ ಕಾಣೆಯಾಗುತ್ತದೆ.

ಕೊನೆಗೆ ಆ ವರದಿಯ ಸಂಬಂಧಪಟ್ಟ ಭಾಗ ಹೀಗೆ ನಿಂತಿತು. ಇಂಗ್ಲಿಷನ್ನು ಕನ್ನಡ ಅಕ್ಷರದಲ್ಲೇ ಕೊಡುತ್ತೇನೆ:

‘ದಿ ಸ್ಪೋರ್ಟ್ಸ್ ಡೇ ವಾಸ್ ಪೋಸ್ಟ್‌ಪೋನ್ಡ್ ಫ್ರಮ್ ಥರ್ಸ್‌ಡೇ ಟು ದಿ ಫಾಲೋಯಿಂಗ್ ಟ್ಯೂಸ್‌ಡೇ ಬಿಕಾಸ್ ಆಫ್ ರೇನ್. ದಿ ಮಾರ್ಚ್ ಪಾಸ್ಟ್ ವಾಸ್ ಡಿಲೇಡ್ ಬೈ ಒನ್ ಅವರ್. ದಿ ಡಿಸಿಷನ್ ಆನ್ ದಿ ಓವರಾಲ್ ಶೀಲ್ಡ್ ವಾಸ್ ಡಿಫರ್ಡ್ ಅಂಟಿಲ್ ದಿ ಫಿಸಿಕಲ್ ಡೈರೆಕ್ಟರ್ ಹ್ಯಾಡ್ ಎಗ್ಸಾಮಿನ್ಡ್ ಎ ವಿಡಿಯೊ ಆಫ್ ದಿ ರಿಲೇ. ದಿ ಕಮಿಟಿ ಮೆಟ್ ಆನ್ ಫ್ರೈಡೇ, ಅಡ್ಜರ್ನ್ಡ್ ಫಾರ್ ಜುಮಾ, ಅಂಡ್ ಕಂಪ್ಲೀಟೆಡ್ ಇಟ್ಸ್ ಬಿಸಿನೆಸ್ ಆನ್ ಸ್ಯಾಟರ್‌ಡೇ. ಟು ಮೆಂಬರ್ಸ್ ಇನ್‌ಕ್ವೈರ್ಡ್ ಇಂಟು ದಿ ಶಾರ್ಟೇಜ್ ಆಫ್ ಡ್ರಿಂಕಿಂಗ್ ವಾಟರ್ ಅಂಡ್ ಫೌಂಡ್ ದಟ್ ಒನ್ ಡ್ರಮ್ ಹ್ಯಾಡ್ ಬೀನ್ ಲೆಫ್ಟ್ ಬಿಹೈಂಡ್ ದಿ ಕ್ಯಾಂಟೀನ್. ದಿ ರಿಕ್ವೆಸ್ಟ್ ಫಾರ್ ಎ ಥ್ರೋಬಾಲ್ ಕೋರ್ಟ್ ವಿಲ್ ಬಿ ಕನ್ಸಿಡರ್ಡ್ ಅಟ್ ನೆಕ್ಸ್ಟ್ ಮಂತ್ಸ್ ಮೀಟಿಂಗ್.’

ಮೊದಲ ಪ್ರತಿಗಿಂತ ಇದು ಉದ್ದವಾಗಿದೆ. ಹೆಚ್ಚಾದ ಪದಗಳೆಲ್ಲ ದಿನ, ವಾರ, ಡ್ರಮ್ಮು, ವಿಡಿಯೊ, ಇಂಥವೇ. ಸಹಿ ಹಾಕಲು ತೆಗೆದುಕೊಂಡು ಹೋದಾಗ ಪ್ರಾಂಶುಪಾಲರು ಕೊನೆಯ ವಾಕ್ಯಕ್ಕೆ ಬೆರಳಿಟ್ಟು, ‘ಮುಂದಿನ ತಿಂಗಳು ಅಂತ ಬರೆದುಬಿಟ್ಟಿದ್ದೀಯಲ್ಲಮ್ಮ’ ಎಂದರಂತೆ. ‘ಹೌದು ಸರ್’ ಎಂದಳಂತೆ. ಸಹಿಯಾಯಿತು.